ಒಂದು ನಿಮಿಷದಲ್ಲಿ ರಾಯರ ಪರಿಚಯ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಈಗ ಕಾಣುತ್ತಿರುವುದು ನಮ್ಮ ಅಡುಗೆಮನೆಯ ಮೇಜು. ಒಂದು ಲೋಟ ಕಾಫಿ ಇದೆ, ಆರಿ ಹೋಗಿದೆ. ಪಕ್ಕದಲ್ಲಿ ಮೂರು ಹಾಳೆ. ಮೂರರಲ್ಲೂ ಬರೆದಿದ್ದಕ್ಕಿಂತ ಹೊಡೆದು ಹಾಕಿದ್ದೇ ಜಾಸ್ತಿ. ನಾಳೆ ಸಂಜೆ ನಮ್ಮ ಓದುವ ಬಳಗಕ್ಕೆ ಒಬ್ಬರು ಮಾತಾಡಲು ಬರುತ್ತಾರೆ. ಅವರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಸಿಕ್ಕಿರುವುದು ಒಂದೇ ನಿಮಿಷ.

ನಾವಿರುವುದು ತೀರ್ಥಹಳ್ಳಿ ಕಡೆ. ಇಲ್ಲಿ ಸಭೆ ಅಂದಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ವಂದನಾರ್ಪಣೆ ಎಲ್ಲಾ ಇರಲೇಬೇಕು. ಅದರಲ್ಲಿ ಪರಿಚಯದ್ದೇ ದೊಡ್ಡ ಕಷ್ಟ. ಪರಿಚಯಿಸುವವರು ಜೇಬಿನಿಂದ ಮಡಚಿದ ಕಾಗದ ತೆಗೆದರು ಅಂದರೆ ಹಿಂದಿನ ಸಾಲಿನವರು ಫೋನ್ ತೆಗೆದರು ಅಂತಲೇ ಲೆಕ್ಕ. "ಇವರ ಬಗ್ಗೆ ಹೇಳಲು ಪದಗಳೇ ಸಾಲದು" ಅಂತ ಶುರು ಮಾಡಿ ಹತ್ತು ನಿಮಿಷ ಹೇಳುತ್ತಾರೆ. ಬಂದವರೆಲ್ಲ "ಎಲೆಮರೆಯ ಕಾಯಿ". ಅತಿಥಿ ಪಾಪ, ಕುರ್ಚಿಯಲ್ಲಿ ಕೂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿರುತ್ತಾರೆ.

ನಾಳೆ ಬರುವವರು ಒಬ್ಬ ಅಡಿಕೆ ಬೆಳೆಗಾರರು. ತೋಟದ ಅಂಚಿನಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎಂಟೂವರೆಯೇ ಯಾಕೆ ಅಂದರೆ, ಹವಾಮಾನ ಇಲಾಖೆಯ ಮಳೆ ಲೆಕ್ಕದಲ್ಲಿ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ಅವರೂ ಅದನ್ನೇ ಪಾಲಿಸುತ್ತಾರೆ. ಊರಲ್ಲಿ ಎಲ್ಲರೂ ಅವರನ್ನು ರಾಯರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ವಿಡಿಯೋದಲ್ಲಿ ಪೂರ್ತಿ ಹೆಸರು ಹಾಕಬಾರದು ಅನ್ನುವುದು ಅವರದೇ ಷರತ್ತು. ಹಾಗಾಗಿ ಹೆಸರು ಬರುವ ಕಡೆ ಬೀಪ್ ಕೇಳುತ್ತದೆ, ಬೇಜಾರಾಗಬೇಡಿ.

ಬಳಗದ ವಾಟ್ಸಾಪ್‌ನಲ್ಲಿ ಯಾರೋ ರಾಯರ ಪರಿಚಯ ಅಂತ ಒಂದು ಪ್ಯಾರಾ ಕಳಿಸಿದ್ದರು. "ಖ್ಯಾತ ಹವಾಮಾನ ತಜ್ಞರು, 40 ವರ್ಷಗಳಿಂದ ಒಂದು ದಿನವೂ ತಪ್ಪದೆ ಮಳೆ ಅಳೆಯುತ್ತಿರುವ ಸಾಧಕರು." ಓದಲು ಚೆನ್ನಾಗಿದೆ. ಹಾಗೇ ಓದಿಬಿಡಬಹುದಿತ್ತು. ಆದರೆ ಹೋದ ವರ್ಷ ಹೀಗೇ ಯಾರೋ ಕೊಟ್ಟಿದ್ದನ್ನು ಓದಿ ಸಿಕ್ಕಿಹಾಕಿಕೊಂಡಿದ್ದೆ. ಅತಿಥಿಯ ಹೆಸರಿನ ಹಿಂದೆ "ಪದ್ಮಶ್ರೀ" ಅಂತ ಸೇರಿಸಿ ಕರೆದೆ. ಸಭೆ ಮುಗಿದ ಮೇಲೆ ಒಬ್ಬ ವಕೀಲರು ಮೆಲ್ಲಗೆ ಹೇಳಿದರು: ಭಾರತ ರತ್ನ, ಪದ್ಮ ಪ್ರಶಸ್ತಿಗಳನ್ನು ಹೆಸರಿಗೆ ಹಿಂದೆಯಾಗಲಿ ಮುಂದೆಯಾಗಲಿ ಅಂಟಿಸಬಾರದು, 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅವು ಬಿರುದುಗಳಲ್ಲ. "ಇಂಥ ವರ್ಷ ಪದ್ಮಶ್ರೀ ಪಡೆದವರು" ಅಂದರೆ ಸರಿ. ನಮ್ಮ ಅರ್ಧ ಆಹ್ವಾನ ಪತ್ರಿಕೆಗಳು ಇದರಲ್ಲಿ ತಪ್ಪುತ್ತವೆ, ಅದು ಬೇರೆ ಮಾತು.

ಅದಕ್ಕೇ ಈ ಸಲ ರಾಯರಿಗೇ ಫೋನ್ ಮಾಡಿದೆ. ವಾಟ್ಸಾಪ್‌ನಲ್ಲಿ ಬಂದಿದ್ದನ್ನು ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಎಂತ ಮಾರಾಯ್ತಿ ಇದು! ತಜ್ಞ ಅಂತೆಲ್ಲ ಹೇಳ್ಬೇಡ. ನಾನು ಓದಿದ್ದು ಪಿಯುಸಿ. ಅಳೀತೀನಿ, ಬರೀತೀನಿ, ಅಷ್ಟೇ."

"ಸರಿ ರಾಯರೇ. ನಲವತ್ತು ವರ್ಷ ಅನ್ನೋದು?"

"ಮೂವತ್ತಾರು. ನೋಟ್‌ಬುಕ್ ಇದೆಯಲ್ಲ, ಮೊದಲನೇ ಪುಟ ನೋಡಿ ಹೇಳ್ತಿದೀನಿ."

"ಒಂದು ದಿನವೂ ತಪ್ಪಿಲ್ಲವಾ?"

"ತಪ್ಪಿಲ್ಲ. ಆದರೆ ಎಲ್ಲ ನಾನೇ ಬರೆದಿದ್ದಲ್ಲ. ನಾನು ಮದುವೆ ಮುಂಜಿ ಅಂತ ಊರು ಬಿಟ್ಟಾಗ ಮನೆಯವಳು ಬರೆದಿದ್ದಾಳೆ. ಅಕ್ಷರ ನೋಡಿದರೆ ಗೊತ್ತಾಗ್ತದೆ, ನನ್ನದು ಕಾಗೆ ಕಾಲು, ಅವಳದು ಮುತ್ತು."

ಮೂರು ನಿಮಿಷದ ಫೋನು. ಎರಡು ತಪ್ಪು ಸರಿಯಾದವು. ಜೊತೆಗೆ, ಯಾವ ಪ್ಯಾರಾದಲ್ಲೂ ಇಲ್ಲದ ಒಂದು ವಿಷಯ ಸಿಕ್ಕಿತು. ಫೋನ್ ಇಡುವ ಮುಂಚೆ ಇನ್ನೆರಡು ಕೇಳಿದೆ. ಒಂದು, ಹೆಸರು. ನಮ್ಮ ಆಹ್ವಾನ ಪತ್ರಿಕೆಯಲ್ಲಿ ಅವರ ಇನಿಷಿಯಲ್ ತಿರುಗುಮುರುಗಾಗಿ ಅಚ್ಚಾಗಿದೆ. ಮೊದಲನೆಯ ಅಕ್ಷರ ಊರಿನದು, ಎರಡನೆಯದು ತಂದೆಯ ಹೆಸರಿನದು. ತಿರುಗಿಸಿದರೆ ಇದೇ ಊರಿನ ಇನ್ನೊಬ್ಬರಾಗುತ್ತಾರೆ. ಆ ಇನ್ನೊಬ್ಬರಿಗೂ ರಾಯರಿಗೂ ಬೇಲಿ ಜಗಳ ಇದೆ ಅಂತ ಆಮೇಲೆ ಗೊತ್ತಾಯಿತು!

ಎರಡನೆಯದು, "ನಾಳೆ ನೀವು ಹೇಳಬೇಕು ಅಂತಿರುವ ಯಾವುದನ್ನು ನಾನು ಮೊದಲೇ ಹೇಳಬಾರದು?" ಈ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ನಾನೂ ಹಿಂದೊಮ್ಮೆ ಕೇಳದೆ, ಅತಿಥಿಯ ಒಳ್ಳೆಯ ಕಥೆಯನ್ನು ಪರಿಚಯದಲ್ಲೇ ಹೇಳಿ ಮುಗಿಸಿದ್ದೆ. ಅವರು ಬಂದು "ಈಗಾಗಲೇ ಮೇಡಂ ಹೇಳಿದ ಹಾಗೆ" ಅಂದಾಗ ನೆಲ ಬಿರಿಯಬಾರದಾ ಅನ್ನಿಸಿತ್ತು. ರಾಯರು ಹೇಳಿದರು: "ಯಾವ ವರ್ಷ ಜಾಸ್ತಿ ಮಳೆ, ಯಾವ ವರ್ಷ ಕಡಿಮೆ, ಅದು ಮಾತ್ರ ಬಿಡು. ಅದು ನಂದು."

ಈಗ ಈ ಮೂರು ಹಾಳೆಯ ಕಥೆ. ಮೊದಲನೆಯದನ್ನು ಫೋನಿನ ಸ್ಟಾಪ್‌ವಾಚ್ ಇಟ್ಟು ಜೋರಾಗಿ ಓದಿದೆ. ಮೂರು ನಿಮಿಷ ಹತ್ತು ಸೆಕೆಂಡ್. ಮನಸ್ಸಲ್ಲಿ ಓದಿಕೊಂಡರೆ ಲೆಕ್ಕ ಸಿಗುವುದಿಲ್ಲ, ಎರಡು ನಿಮಿಷದ್ದೂ ಒಂದೇ ನಿಮಿಷ ಅನ್ನಿಸುತ್ತದೆ. ಬಾಯಿಬಿಟ್ಟೇ ಓದಬೇಕು. ನಮ್ಮ ಪದಗಳು ಉದ್ದ. ಮೈಕಿನ ಮುಂದೆ ಸಮಾಧಾನವಾಗಿ ಹೇಳಿದರೆ ನನಗೆ ನಿಮಿಷಕ್ಕೆ ತೊಂಬತ್ತು ಪದ ದಾಟುವುದಿಲ್ಲ.

ಹಾಗಾದರೆ ಏನು ತೆಗೆಯುವುದು? ಮೊದಲು ನಾನೇ ಹೊರಗೆ ಹೋದೆ. "ನಾನು ಚಿಕ್ಕವಳಿದ್ದಾಗಿನಿಂದ ರಾಯರನ್ನು ನೋಡುತ್ತಾ ಬಂದಿದ್ದೇನೆ" ಅನ್ನುವ ನಾಲ್ಕು ಸಾಲು ಇತ್ತು. ನಿಜ ಹೇಳಬೇಕೆಂದರೆ ಅದನ್ನು ಬರೆದಿದ್ದು ನನ್ನ ಖುಷಿಗೆ. ಆಮೇಲೆ ಅವರು ಹುಟ್ಟಿದ ಊರು, ಓದಿದ ಶಾಲೆ, ಸೊಸೈಟಿಯ ನಿರ್ದೇಶಕರಾಗಿದ್ದು, ಎರಡು ಸನ್ಮಾನ. ಎಲ್ಲವೂ ನಿಜವೇ. ಆದರೆ ಮಳೆಯ ಬಗ್ಗೆ ಕೇಳಲು ಕೂತವರಿಗೆ ಸೊಸೈಟಿಯ ಸುದ್ದಿ ಯಾಕೆ? "ಖ್ಯಾತ", "ಅಪರೂಪದ" ಇವೆಲ್ಲ ಕೊನೆಗೆ ಹೋದವು. ಹೊಗಳಿಕೆ ಜಾಸ್ತಿಯಾದರೆ ಅತಿಥಿಗೇ ತೊಂದರೆ. ಬಂದವರು ಮೊದಲ ಐದು ನಿಮಿಷ "ಅಷ್ಟೆಲ್ಲ ಏನಿಲ್ಲ" ಅಂತ ಹೇಳುವುದರಲ್ಲೇ ಕಳೆಯುತ್ತಾರೆ.

ಒಂದು ಕಡೆ ಮಾತ್ರ ತುಂಬಾ ಹೊತ್ತು ಯೋಚಿಸಿದೆ. "ಇವರು ತಜ್ಞರಲ್ಲ" ಅಂತ ಬರೆದಿದ್ದೆ, ರಾಯರೇ ಹೇಳಿದ್ದಲ್ವಾ ಅಂತ. ಓದಿ ನೋಡಿದರೆ ಕಿವಿಗೆ ಹಿತವಾಗಲಿಲ್ಲ. ಅವರ ಬಗ್ಗೆ ಅವರು ಹಾಗೆ ಹೇಳಿಕೊಂಡರೆ ವಿನಯ. ಅದನ್ನೇ ನಾನು ಮೈಕಿನಲ್ಲಿ ಹೇಳಿದರೆ ಅವರನ್ನು ಇಳಿಸಿದ ಹಾಗೆ. "ಅಡಿಕೆ ಬೆಳೆಗಾರರು" ಅಂತ ಬರೆದು ಸುಮ್ಮನಾದೆ.

ಕೊನೆಗೆ ಉಳಿದಿದ್ದು ಇಷ್ಟು. ಕೇಳಿ:

"ಎಲ್ಲರಿಗೂ ನಮಸ್ಕಾರ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆ ಬಿಡುವ ಒಂದು ದಿನಕ್ಕಾಗಿ ಆಕಾಶ ನೋಡುವವರು ನಾವು. ಈ ವರ್ಷ ಮಳೆ ಜಾಸ್ತಿ, ಹೋದ ವರ್ಷ ಕಡಿಮೆ ಅಂತ ಮಾತಾಡಿಕೊಳ್ಳುತ್ತೇವೆ. ಎಷ್ಟು ಜಾಸ್ತಿ ಅಂತ ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ. ಇಂದಿನ ಅತಿಥಿಯ ಹತ್ತಿರ ಇದೆ. ಅವರು ನಮ್ಮ ಹಾಗೇ ಅಡಿಕೆ ಬೆಳೆಗಾರರು. ಮೂವತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ತೋಟದಲ್ಲಿ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಅವರು ಊರಲ್ಲಿಲ್ಲದ ದಿನ ಅವರ ಪತ್ನಿ ಬರೆದಿದ್ದಾರೆ. ಹಾಗಾಗಿ ಒಂದು ದಿನದ ಲೆಕ್ಕವೂ ತಪ್ಪಿಲ್ಲ. ಆ ನೋಟ್‌ಬುಕ್‌ಗಳಲ್ಲಿ ನಮ್ಮೂರಿನ ಮಳೆ ಹೇಗೆ ಕಾಣುತ್ತದೆ ಅಂತ ಇಂದು ಹೇಳುತ್ತಾರೆ. ಬನ್ನಿ, ಬರಮಾಡಿಕೊಳ್ಳೋಣ, ಶ್ರೀ..."

ಇಲ್ಲಿ ಬೀಪ್.

ಹೆಸರು ಕೊನೆಗೆ ಬಂದಿದ್ದು ಗಮನಿಸಿದಿರಾ? ಹೆಸರು ಮೊದಲೇ ಹೇಳಿದರೆ ಜನ ಅಲ್ಲೇ ಚಪ್ಪಾಳೆ ಹೊಡೆಯುತ್ತಾರೆ, ಮುಂದಿನ ಎರಡು ಸಾಲು ಅದರಲ್ಲಿ ಮುಳುಗುತ್ತದೆ. ಕೊನೆಗೆ ಹೇಳಿದರೆ ಚಪ್ಪಾಳೆ ಅವರು ಎದ್ದು ಬರುವಾಗ ಬೀಳುತ್ತದೆ. ಕೊನೆಯ ಪದಕ್ಕೆ ದನಿ ಇಳಿಸಿಬಿಡುವ ಚಾಳಿ ನನಗಿದೆ, ಅದಕ್ಕೇ ಹೆಸರೊಂದನ್ನೇ ಹತ್ತು ಸಲ ಹೇಳಿ ನೋಡಿದೆ. ಸಭೆಯ ಕಡೆ ಮುಖ ಮಾಡಿ ಹೇಳಬೇಕು, ಆಮೇಲೆ ಅತಿಥಿಯ ಕಡೆ ತಿರುಗಬೇಕು. ಮೊದಲೇ ತಿರುಗಿದರೆ ಮೈಕಿಗೆ ಹೆಸರು ಸಿಗುವುದೇ ಇಲ್ಲ.

ಈಗ ಮರುದಿನ ಸಂಜೆ. ಇದು ನಮ್ಮೂರಿನ ಸಣ್ಣ ಹಾಲ್. ಹೊರಗೆ ಮಳೆ, ಹೆಂಚಿನ ಮೇಲೆ ಸದ್ದು ಕೇಳುತ್ತಿದೆಯಲ್ಲ, ಅದೇ. ಸ್ವಾಗತ ಮಾಡಿದವರು ಕಾರ್ಯಕ್ರಮಕ್ಕೆ ಚಂದಾ ಕೊಟ್ಟವರಿಗೆಲ್ಲ ಹೂವು ಕೊಟ್ಟು ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಈಗ ನನ್ನ ಸರದಿ. ಕೈಯಲ್ಲಿ ಒಂದು ಪೋಸ್ಟ್‌ಕಾರ್ಡ್ ಅಷ್ಟು ದೊಡ್ಡ ಕಾಗದ. ಮೊದಲ ಸಾಲು, ಕೊನೆಯ ಸಾಲು ಬಾಯಿಪಾಠ. ಮಧ್ಯದ "ಮೂವತ್ತಾರು" ಮಾತ್ರ ದಪ್ಪ ಅಕ್ಷರದಲ್ಲಿ. ಗಾಬರಿಯಲ್ಲಿ ತಪ್ಪುವುದು ಯಾವಾಗಲೂ ಅಂಕಿಯೇ.

ತಪ್ಪಲಿಲ್ಲ. ಆದರೆ ಮಳೆ ಜೋರಾಯಿತು, ಎರಡು ಸಾಲು ಕಿರುಚಿ ಹೇಳಬೇಕಾಯಿತು. ಆಮೇಲೆ ವಿಡಿಯೋ ನೋಡಿದೆ: ಒಂದು ನಿಮಿಷ ನಾಲ್ಕು ಸೆಕೆಂಡ್. ನಾಲ್ಕು ಸೆಕೆಂಡ್ ಮಳೆಯ ಲೆಕ್ಕಕ್ಕೆ.

"ಅವರ ಪತ್ನಿ ಬರೆದಿದ್ದಾರೆ" ಅಂದಾಗ ಏನಾಯಿತು ನೋಡಿ. ಮೂರನೇ ಸಾಲಿನಲ್ಲಿ ನೀಲಿ ಸೀರೆ ಉಟ್ಟವರು ರಾಯರ ಮನೆಯವರು. ಪಕ್ಕದವರು ಮೊಣಕೈಯಲ್ಲಿ ತಿವಿದರು, ಅವರು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

ರಾಯರು ಎದ್ದು ಬಂದರು. ಅವರು ಮೈಕ್ ಹತ್ತಿರ ಬರುವ ತನಕ ನಾನು ಅಲ್ಲೇ ನಿಂತಿದ್ದೆ, ಮೈಕ್ ಸ್ವಲ್ಪ ತಗ್ಗಿಸಿ ಆಮೇಲೆ ಪಕ್ಕಕ್ಕೆ ಸರಿದೆ. ಅವರು "ಅಷ್ಟೆಲ್ಲ ಏನಿಲ್ಲ" ಅನ್ನಲಿಲ್ಲ. ಚೀಲದಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ರಟ್ಟು ತೇವಕ್ಕೆ ಉಬ್ಬಿತ್ತು. ಬೆರಳಿಗೆ ಉಗುಳು ಹಚ್ಚಿ ನಾಲ್ಕು ಪುಟ ತಿರುವಿ, ಸಭೆಯ ಕಡೆ ಹಿಡಿದು ತೋರಿಸಿದರು.

"ಇದು ಅವಳ ಅಕ್ಷರ. ಆವತ್ತು ನಾನು ಶಿವಮೊಗ್ಗದಲ್ಲಿದ್ದೆ. ಅವತ್ತೇ ಬರಬೇಕಾ ಆ ಮಳೆ!"

ಹಾಲ್ ನಕ್ಕಿತು. ರಾಯರು ಕನ್ನಡಕ ಏರಿಸಿಕೊಂಡು ಅಂಕಿ ಓದಲು ಶುರು ಮಾಡಿದರು.