ಮರೆತ ಸಬ್‌ಸ್ಕ್ರಿಪ್ಷನ್: ಎಷ್ಟು ತಿಂಗಳ ದುಡ್ಡು ವಾಪಸ್ ಬರುತ್ತದೆ?

ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ಅತ್ತಿಗೆಯ ಬ್ಯಾಂಕ್ ಸ್ಟೇಟ್‌ಮೆಂಟ್. ಅವರನ್ನು ಕೇಳಿಯೇ ತೋರಿಸುತ್ತಿದ್ದೇನೆ. ಜೂನ್‌ನಿಂದ ಡಿಸೆಂಬರ್‌ವರೆಗೆ, ಪ್ರತಿ ತಿಂಗಳು 8ನೇ ತಾರೀಕು 299 ರೂಪಾಯಿ ಹೋಗಿದೆ. ಏಳು ತಿಂಗಳಿಗೆ 2,093 ರೂಪಾಯಿ. ಇಂಗ್ಲಿಷ್ ಕಲಿಸುವ ಒಂದು ಆ್ಯಪ್. ಒಂದು ವಾರ ಫ್ರೀ ಅಂತ ಹಾಕಿಕೊಂಡು, ಮೂರು ದಿನ ನೋಡಿ ಬಿಟ್ಟಿದ್ದರು.

“ಆ್ಯಪ್ ಡಿಲೀಟ್ ಮಾಡಿದ್ದೆನಲ್ಲ, ಮತ್ತೆ ದುಡ್ಡು ಹೇಗೆ ಹೋಗುತ್ತೆ?” ಅಂದರು. ಫೋನ್‌ನಿಂದ ಆ್ಯಪ್ ತೆಗೆದರೂ ಯುಪಿಐ ಆಟೋಪೇ ಹಾಗೇ ಇರುತ್ತದೆ ಅತ್ತಿಗೆ, ಅಂದೆ. ಪಿನ್ ಹಾಕಿ ಒಪ್ಪಿಗೆ ಕೊಟ್ಟ ಮೇಲೆ, ನಾವೇ ನಿಲ್ಲಿಸುವ ತನಕ ಅಥವಾ ಅದರ ಅವಧಿ ಮುಗಿಯುವ ತನಕ ಅದು ನಡೆಯುತ್ತಲೇ ಇರುತ್ತದೆ.

ಮೊದಲು ನೋಡಬೇಕಾದದ್ದು ದುಡ್ಡು ಯಾರ ಕೈಗೆ ಹೋಗಿದೆ ಅಂತ. ಗೂಗಲ್ ಪ್ಲೇ ಮೂಲಕ ಹೋಗಿದ್ದರೆ ರಸೀದಿಯಲ್ಲಿ GPA ಅಂತ ಶುರುವಾಗುವ ಆರ್ಡರ್ ನಂಬರ್ ಇರುತ್ತದೆ. ಗೂಗಲ್‌ನಲ್ಲಿ ನೇರವಾಗಿ ರಿಫಂಡ್ ಕೇಳುವ ಗಡುವು ಸಾಮಾನ್ಯವಾಗಿ 48 ಗಂಟೆ. ಅದು ದಾಟಿದರೆ ಆ್ಯಪ್ ಮಾಡಿದವರನ್ನೇ ಕೇಳಬೇಕು. ಐಫೋನ್‌ನವರಾದರೆ reportaproblem.apple.com ನಲ್ಲಿ ಕೇಳಬೇಕು. ಅತ್ತಿಗೆಯದು ಈ ಎರಡೂ ಅಲ್ಲ, ನೇರವಾಗಿ ಕಂಪನಿಗೇ ಹೋಗಿತ್ತು.

ಈಗ ಮುಖ್ಯವಾದ ಮಾತು. ನೋಡೋಣ ಅಂತ ಸುಮ್ನೆ ಆ್ಯಪ್ ಒಳಗೆ ಹೋಗಬೇಡಿ. ರಿಫಂಡ್ ಕೇಳಿದಾಗ ಸಪೋರ್ಟಿನವರು ಸಾಮಾನ್ಯವಾಗಿ ತೆಗೆದು ನೋಡುವುದು ನೀವು ಕೊನೆಯ ಸಲ ಆ್ಯಪ್ ಬಳಸಿದ ದಿನವನ್ನು. ಆರು ತಿಂಗಳಿಂದ ಬಳಸಿಲ್ಲ ಅಂತ ನೀವು ಬರೆದು, ಅಲ್ಲಿ ನಿನ್ನೆಯ ತಾರೀಕು ಕಂಡರೆ ಮಾತು ದುರ್ಬಲವಾಗುತ್ತದೆ. ವಿಡಿಯೋ ಆ್ಯಪ್ ಆದರೆ ಮನೆಯ ಟಿವಿಯಲ್ಲಿ ಮಕ್ಕಳು ನೋಡಿದ್ದೂ ನಿಮ್ಮ ಲೆಕ್ಕಕ್ಕೇ. ನಾವು ವೆಬ್‌ಸೈಟಿನ ಅಕೌಂಟ್ ಪುಟದಲ್ಲಿ ಕ್ಯಾನ್ಸಲ್ ಮಾಡಿ, ಯಾವ ಪಾಠವನ್ನೂ ತೆರೆಯದೆ, ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಬಂದೆವು. ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲೂ ಅದನ್ನು ರದ್ದು ಮಾಡಿದೆವು.

ಮೇಲ್‌ನಲ್ಲಿ ಬರೆದದ್ದು ಇಷ್ಟೇ: “ಜೂನ್ ಮೊದಲ ವಾರದ ನಂತರ ಒಂದು ಪಾಠವನ್ನೂ ತೆರೆದಿಲ್ಲ, ಈಗ ಬಂದದ್ದು ಕ್ಯಾನ್ಸಲ್ ಮಾಡಲು ಮಾತ್ರ. ನಿಮ್ಮಲ್ಲಿರುವ ಬಳಕೆಯ ದಾಖಲೆ ನೋಡಿ. ಈ ಏಳು ಪಾವತಿಗಳನ್ನು ಹಿಂದಿರುಗಿಸಿ.” ಕೆಳಗೆ ಏಳೂ ತಾರೀಕು, ಏಳೂ ಟ್ರಾನ್ಸಾಕ್ಷನ್ ನಂಬರ್. “ನನಗೆ ಹೇಳಲೇ ಇಲ್ಲ” ಅಂತ ಅತ್ತಿಗೆ ಸೇರಿಸಬೇಕು ಅಂದಿದ್ದರು, ನಾನು ಬೇಡ ಅಂದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಆಟೋ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಹುಡುಕಿದರೆ ಆಫರ್ ಮೆಸೇಜುಗಳ ಮಧ್ಯೆ ಏಳೂ ಸಿಕ್ಕವು. ನಿಜವಾಗಿ ಬಂದಿರದಿದ್ದರೆ ಮಾತ್ರ ಅದನ್ನು ಬರೆಯಿರಿ, ಆಗ ಅದು ಗಟ್ಟಿ ಕಾರಣ.

ಮೊದಲ ಉತ್ತರ ಬಂತು. ಕೊನೆಯ ತಿಂಗಳದ್ದು ಕೊಡುತ್ತೇವೆ, ಹಳೆಯದು ನಮ್ಮ ಪಾಲಿಸಿಯಲ್ಲಿಲ್ಲ. ನಾನು ನೋಡಿದ ಮಟ್ಟಿಗೆ ಬಹಳ ಕಡೆ ಇದೇ ಮೊದಲ ಮಾತು. ಕೊನೆಯ ಪಾವತಿ, ಅದೂ ಕೆಲವೇ ದಿನಗಳ ಹಿಂದಿನದಾದರೆ, ಅಷ್ಟೇನೂ ಕಷ್ಟವಿಲ್ಲದೆ ಬರುತ್ತದೆ. ಬಳಸಿಲ್ಲ ಅನ್ನುವುದು ದಾಖಲೆಯಲ್ಲಿ ಕಂಡರೆ ಎರಡು-ಮೂರು ತಿಂಗಳವರೆಗೆ ಒಪ್ಪುತ್ತಾರೆ. ಅದಕ್ಕಿಂತ ಹಿಂದಿನದು ಅಪರೂಪ. ಒಂದು ತಿಂಗಳದ್ದೂ ಕೊಡದ ಕಂಪನಿಗಳೂ ಇವೆ, ಷರತ್ತಿನಲ್ಲೇ ಹಾಗೆ ಬರೆದಿರುತ್ತಾರೆ. ನಾವು ಕೇಳುತ್ತಿರುವುದು ಹಕ್ಕಲ್ಲ, ಅವರು ಮನಸ್ಸು ಮಾಡಿದರೆ ಸಿಗುವ ರಿಯಾಯಿತಿ.

ಹಾಗಂತ ಒಂದು ತಿಂಗಳಿಗೇ ಸುಮ್ಮನಾಗಬೇಕಿಲ್ಲ. ಅದೇ ಮೇಲ್‌ಗೆ ಉತ್ತರಿಸಿ, “ಏಳು ಆಗದಿದ್ದರೆ ಕೊನೆಯ ಮೂರಾದರೂ ಕೊಡಿ, ಇದನ್ನು ಮೇಲಿನವರಿಗೆ ಕಳಿಸಿ” ಅಂತ ಕೇಳಿದೆವು. ಸಪೋರ್ಟ್‌ನಲ್ಲಿ ಮೊದಲು ಸಿಗುವವರ ಕೈಯಲ್ಲಿ ಇರುವ ಅಧಿಕಾರ ಸಾಮಾನ್ಯವಾಗಿ ಕಡಿಮೆ. ಒಪ್ಪಿದರು, 897 ರೂಪಾಯಿ.

ಬ್ಯಾಂಕಿಗೆ ಹೋಗಿ ಇದು ಮೋಸ ಅಂತ ದೂರು ಕೊಡಬಹುದಲ್ವಾ ಅಂತ ಅಣ್ಣ ಕೇಳಿದ. ಬೇಡ. ಒಪ್ಪಿಗೆ ಕೊಟ್ಟಿದ್ದು ನಾವೇ, ಪಿನ್ ನಮ್ಮದೇ. ಆ ದೂರು ನಿಲ್ಲುವುದಿಲ್ಲ, ಸುಳ್ಳು ಹೇಳಿದ ಹಾಗೂ ಆಗುತ್ತದೆ. ಕ್ಯಾನ್ಸಲ್ ಬಟನ್ ಬಚ್ಚಿಟ್ಟಿದ್ದರೆ, ಸುತ್ತಿ ಸುತ್ತಿ ಅಲೆಸಿದರೆ ವಿಷಯ ಬೇರೆ. ಡಾರ್ಕ್ ಪ್ಯಾಟರ್ನ್ ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ, ಅದರ ಬಗ್ಗೆ ಇರುವ 2023ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಅದಕ್ಕೆ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತಲೇ ಹೆಸರಿದೆ. ಸ್ಕ್ರೀನ್ ರೆಕಾರ್ಡಿಂಗ್ ಇಟ್ಟುಕೊಂಡು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ. ಬರೀ ಮರೆತಿದ್ದಕ್ಕೆ ಆ ಮಾರ್ಗಸೂಚಿ ಕೆಲಸಕ್ಕೆ ಬರುವುದಿಲ್ಲ.

“ರಿಫಂಡ್ ಮಾಡಿದ್ದೇವೆ” ಅಂತ ಮೇಲ್ ಬಂದ ಮೇಲೂ ಒಂದು ವಾರದೊಳಗೆ ದುಡ್ಡು ಕಾಣದಿದ್ದರೆ, ರಿಫಂಡಿನ ಆರ್‌ಆರ್‌ಎನ್ ಕೊಡಿ ಅಂತ ಕೇಳಿ. ಅದು 12 ಅಂಕಿಯ ನಂಬರ್. ಅದನ್ನು ಕೊಟ್ಟರೆ ದುಡ್ಡು ಎಲ್ಲಿ ನಿಂತಿದೆ ಅಂತ ಬ್ಯಾಂಕಿನವರು ಹುಡುಕುತ್ತಾರೆ. ಅತ್ತಿಗೆಗೆ ಅದರ ಅಗತ್ಯ ಬೀಳಲಿಲ್ಲ. ಉಳಿದ 1,196 ರೂಪಾಯಿಗೆ ಮತ್ತೆ ಬರೆಯೋಣವಾ ಅಂದೆ. “ಬಿಡಪ್ಪ, ಸಾಕು” ಅಂದರು.