ಹೊಗೆಯ ಬಣ್ಣ, ಹೊಗೆಯ ಹೊತ್ತು

ಕೇಳುಗರೇ, ನಮಸ್ಕಾರ.

ನನ್ನ ಹಳೆಯ ಪೆಟ್ರೋಲ್ ಕಾರು ಒಂದು ಬೆಳಿಗ್ಗೆ ಸ್ಟಾರ್ಟ್ ಆದೊಡನೆ ಬುಸ್ಸೆಂದು ನೀಲಿ ಹೊಗೆ ಬಿಟ್ಟಿತು. ಅರ್ಧ ನಿಮಿಷದಲ್ಲಿ ಎಲ್ಲ ತಿಳಿಯಾಯಿತು. ವಿಷಯ ಕೇಳಿದ ಮೆಕ್ಯಾನಿಕ್ ಒಬ್ಬರು ಬಾನೆಟ್ ಕೂಡ ಎತ್ತದೆ, "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದುಬಿಟ್ಟರು.

ಬೇರೆ ಬಣ್ಣಗಳ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್. ಚಳಿಯಲ್ಲಿ ಬರುವ ತೆಳು ಬಿಳಿ ಹೊಗೆ ಬರೀ ನೀರಾವಿ, ಎಂಜಿನ್ ಬಿಸಿಯಾದರೆ ಮಾಯವಾಗುತ್ತದೆ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಸಿಹಿ ವಾಸನೆಯಿದ್ದು, ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಸಂದು ಮುಚ್ಚುವ ಪದರ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಗಾಡಿ ಓಡಿಸುವುದನ್ನು ನಿಲ್ಲಿಸಿ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.

ಇನ್ನು ನೀಲಿ. ಎಂಜಿನ್ ಆಯಿಲ್ ಉರಿಯುತ್ತಿದೆ ಎಂಬುದು ಖಚಿತ. ಅದು ಯಾವ ದಾರಿಯಲ್ಲಿ ಒಳಗೆ ಬಂತು ಎಂಬುದನ್ನು ಬಣ್ಣಕ್ಕಿಂತ ಹೊಗೆ ಬರುವ ಹೊತ್ತೇ ಚೆನ್ನಾಗಿ ಹೇಳುತ್ತದೆ. ಪಿಸ್ಟನ್ ಸುತ್ತ ಬಿಗಿಯಾಗಿ ಕೂತು ಸಂದು ಮುಚ್ಚುವ ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಕೆಳಗಿನಿಂದ ಏರುತ್ತದೆ; ಆಕ್ಸಿಲರೇಟರ್ ಒತ್ತಿದಾಗ, ಏರು ಹತ್ತುವಾಗ ಹೊಗೆ ಬಿಡದೆ ಬರುತ್ತದೆ. ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರಿನ ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ ಆಯಿಲ್ ಮೇಲಿನಿಂದ ಇಳಿಯುತ್ತದೆ. ನಿಂತ ಗಾಡಿಯಲ್ಲಿ ರಾತ್ರಿಯಿಡೀ ವಾಲ್ವಿನ ಕಡ್ಡಿಗುಂಟ ಜಿನುಗಿ ಕೂತದ್ದು ಬೆಳಿಗ್ಗೆ ಒಮ್ಮೆಲೇ ಉರಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗಲೂ ಅದೇ ಕಥೆ. ಇಳಿಯುವಾಗ ಎಂಜಿನ್ ಒಳಗೆ ನಿರ್ವಾತ ಹೆಚ್ಚಿ, ಸೀಲಿನ ಸಂದಿನಿಂದ ಆಯಿಲ್ ಎಳೆದುಕೊಂಡಿರುತ್ತದೆ. ನನ್ನ ಕಾರು ಎರಡೂ ಹೊತ್ತು ಹೊಗೆಯಾಡಿತು, ಏರಿನಲ್ಲಿ ಒಮ್ಮೆಯೂ ಇಲ್ಲ.

ಆದರೂ ಅನುಮಾನ ಉಳಿಯಬಾರದೆಂದು ಇನ್ನೊಬ್ಬ ಮೆಕ್ಯಾನಿಕ್ ಬಳಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿದೆ. ಸ್ಪಾರ್ಕ್ ಪ್ಲಗ್ ತೆಗೆದ ತೂತಿಗೆ ಗೇಜ್ ಕೂರಿಸಿ ಎಂಜಿನ್ ತಿರುಗಿಸಿದಾಗ ನಾಲ್ಕೂ ಸಿಲಿಂಡರ್ 165ರಿಂದ 170 ಪಿಎಸ್‌ಐ ಒಳಗೆ ತೋರಿಸಿದವು. ಒಂದು 110ಕ್ಕೆ ಇಳಿದಿದ್ದರೆ ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಿದ್ದರು. ಆಯಿಲ್ ರಿಂಗಿನ ಸಂದು ಮುಚ್ಚಿ ಅಂಕಿ ಏರಿದರೆ ದೋಷ ರಿಂಗಿನದು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು.

ಎಂಜಿನ್ ಇಳಿಸಲಿಲ್ಲ, ಹೆಡ್ ಕೂಡ ಬಿಚ್ಚಲಿಲ್ಲ. ಪ್ಲಗ್ ತೂತಿನಿಂದ ಒತ್ತಡದ ಗಾಳಿ ತುಂಬಿ, ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಸ್ಪ್ರಿಂಗ್ ತೆಗೆದು ಒಂದೊಂದೇ ಸೀಲ್ ಬದಲಿಸಿದರು. ಹಳೆಯ ಸೀಲ್ ಒಂದನ್ನು ಬೆರಳಲ್ಲಿ ಒತ್ತಿ ನೋಡಿದೆ. ರಬ್ಬರ್ ಬಾಗಲಿಲ್ಲ, ಒಣಗಿದ ಬೀಜದ ಸಿಪ್ಪೆಯಂತೆ ಚಟ್ಟನೆ ಮುರಿಯಿತು.