ಯುಪಿಐ 44 ಲಕ್ಷ, ರಿಟರ್ನ್‌ನಲ್ಲಿ 31 ಲಕ್ಷ: ನೋಟಿಸ್‌ಗೆ ಉತ್ತರ ಹೇಗೆ?

ಎಲ್ಲರಿಗೂ ನಮಸ್ಕಾರ. 2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಚೀಟಿಗಳು ಕಾಣಿಸಿಕೊಂಡಿದ್ದು ನಿಮಗೆ ನೆನಪಿರುತ್ತದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ನೋಟಿಸ್ ಕಳಿಸಿತ್ತು. ಆಗಿನ ಗದ್ದಲ ಹೆಚ್ಚಾಗಿ ಜಿಎಸ್‌ಟಿ ನೋಂದಣಿಯೇ ಇಲ್ಲದವರದು. ನಾನು ಇವತ್ತು ಹೇಳೋದು ನೋಂದಣಿ ಇದ್ದು, ತಪ್ಪದೆ ರಿಟರ್ನ್ ಹಾಕಿಯೂ ನೋಟಿಸ್ ಬಂದವರ ವಿಷಯ.

ಒಂದು ಪ್ರಾವಿಷನ್ ಸ್ಟೋರ್ ಅಂತ ಇಟ್ಟುಕೊಳ್ಳೋಣ. 2022-23ರ ಜಿಎಸ್‌ಟಿ ರಿಟರ್ನ್‌ಗಳಾದ GSTR-3Bಗಳಲ್ಲಿ ತೋರಿಸಿದ ಮಾರಾಟ 31 ಲಕ್ಷ. ಅದೇ ವರ್ಷ ಕ್ಯೂಆರ್‌ಗೆ ಬಂದಿದ್ದು 44 ಲಕ್ಷ. ಪೋರ್ಟಲ್‌ನಲ್ಲಿ ರಿಟರ್ನ್ ಪರಿಶೀಲನೆಯ ನೋಟಿಸ್ ASMT-10 ಬಂತು: ವ್ಯತ್ಯಾಸ 13 ಲಕ್ಷ, ಅದರ ಮೇಲೆ 18% ಅಂದರೆ 2.34 ಲಕ್ಷ ಕಟ್ಟಿ.

ಮೊದಲು ನೋಡಬೇಕಾದ್ದು, ಹೋಲಿಸಿರುವ ಎರಡು ಅಂಕಿಗಳು ಒಂದೇ ಜಾತಿಯವಾ ಅಂತ. ಅಲ್ಲ. ರಿಟರ್ನ್‌ನಲ್ಲಿರುವ 31 ಲಕ್ಷ ತೆರಿಗೆ ಬಿಟ್ಟ ಬೆಲೆ. ಗಿರಾಕಿ ಸ್ಕ್ಯಾನ್ ಮಾಡಿ ಕೊಡೋದು ತೆರಿಗೆ ಸೇರಿದ ಎಂಆರ್‌ಪಿ. ನಮ್ಮ ಅಂಗಡಿ ಆ ವರ್ಷ ತೋರಿಸಿದ ತೆರಿಗೆ 3.4 ಲಕ್ಷ ಅಂದರೆ, ಗಿರಾಕಿಗಳಿಂದ ಬಂದ ದುಡ್ಡು 34.4 ಲಕ್ಷ. ಆ 13 ಲಕ್ಷವೂ ಮಾರಾಟವೇ ಅಂತ ಒಪ್ಪಿಕೊಂಡರೂ, ಅದರೊಳಗೇ ತೆರಿಗೆ ಸೇರಿದೆ ಅಂತ ಜಿಎಸ್‌ಟಿ ನಿಯಮ 35ರ ಪ್ರಕಾರ ಲೆಕ್ಕ ಹಾಕಬೇಕು: 13 ಲಕ್ಷ × 18 ÷ 118, ಅಂದಾಜು 1.98 ಲಕ್ಷ. 2.34 ಅಲ್ಲ.

ಎರಡನೆಯದು, ಆ 44 ಲಕ್ಷ ಪೂರ್ತಿ ವ್ಯಾಪಾರದ್ದಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಒಂದೊಂದೇ ಸಾಲು ಗುರುತು ಹಾಕಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ. ಮಾಲೀಕರು ತಮ್ಮದೇ ಇನ್ನೊಂದು ಖಾತೆಯಿಂದ ಹಾಕಿಕೊಂಡದ್ದು 1.5 ಲಕ್ಷ. ಅವರ ತಮ್ಮ ವಾಪಸ್ ಕೊಟ್ಟ ಕೈಗಡ 2 ಲಕ್ಷ. ‘ಅಣ್ಣಾ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ’ ಅಂತ ಪಕ್ಕದ ಬೀದಿಯವರು ತಗೊಂಡದ್ದು 1.3 ಲಕ್ಷ. ಇವನ್ನು ಕಳೆದರೆ ಉಳಿಯೋದು 39.2 ಲಕ್ಷ. ಈ ಕೊನೆಯದಕ್ಕೆ ಪುರಾವೆ ಕೊಡೋದೇ ಕಷ್ಟ. ಗಲ್ಲಾ ಪುಸ್ತಕದಲ್ಲಿ ಅವತ್ತೇ ಬರೆದಿಟ್ಟಿದ್ದರೆ ಮಾತ್ರ ನಿಲ್ಲುತ್ತದೆ.

ಇನ್ನು ಹಾಲು, ತರಕಾರಿ. ಇವಕ್ಕೆ ತೆರಿಗೆ ಇಲ್ಲ. ‘ತೆರಿಗೆ ಇಲ್ಲವಲ್ಲ, ಯಾಕೆ ತೋರಿಸೋದು’ ಅಂತ ರಿಟರ್ನ್ ಹಾಕುವವರು 3.1(c) ಕಾಲಂ ಖಾಲಿ ಬಿಟ್ಟಿರುತ್ತಾರೆ. ನಾನು ನೋಡಿದ ಫೈಲುಗಳಲ್ಲಿ ಜಾಸ್ತಿ ಸಿಗುವ ತಪ್ಪು ಇದೇ. ನಮ್ಮ ಅಂಗಡಿಯಲ್ಲಿ ಇದು 9 ಲಕ್ಷ. ಡೈರಿ ಬಿಲ್ಲು, ಮಂಡಿ ಚೀಟಿ ತೋರಿಸಿ ಸಾಬೀತು ಮಾಡಬೇಕು. ಒಂದು ಎಚ್ಚರ: ಪ್ಯಾಕೆಟ್ ಮೊಸರನ್ನು ಈ ಗುಂಪಿಗೆ ಸೇರಿಸಬೇಡಿ. ಅದಕ್ಕೆ 2022ರ ಜುಲೈ 18ರಿಂದ 5% ತೆರಿಗೆ ಬಂದಿದೆ.

ಈಗ ಒಟ್ಟು ಮಾರಾಟ ಎಷ್ಟಾಯಿತು? 34.4 ಲಕ್ಷಕ್ಕೆ 9 ಸೇರಿಸಿದರೆ 43.4 ಲಕ್ಷ. ಯುಪಿಐನಲ್ಲಿ ಬಂದದ್ದು 39.2. ಉಳಿದ 4.2 ಲಕ್ಷ ನಗದು. ಈ ಕೊನೆಯ ಸಾಲನ್ನು ಬಹಳ ಜನ ಬರೆಯೋದೇ ಇಲ್ಲ. ಹದಿಮೂರು ಲಕ್ಷಕ್ಕೆ ಹೇಗೋ ಕಾರಣ ಹೊಂದಿಸಿ, ಪೂರ್ತಿ ಮಾರಾಟ ಯುಪಿಐನಲ್ಲೇ ಮುಗಿದುಹೋಗುವ ಹಾಗೆ ಉತ್ತರ ಕೊಡುತ್ತಾರೆ. ಅಧಿಕಾರಿ ಕೇಳುವುದು ಒಂದೇ ಪ್ರಶ್ನೆ: ‘ಹಾಗಾದ್ರೆ ವರ್ಷಪೂರ್ತಿ ನಿಮ್ಮ ಅಂಗಡೀಲಿ ಯಾರೂ ನೋಟು ಕೊಡಲೇ ಇಲ್ವಾ?’ ಅಲ್ಲಿಗೆ ಉತ್ತರ ಬಿದ್ದುಹೋಗುತ್ತದೆ.

ನಗದು ಬರೀ 4.2 ಲಕ್ಷ ಅಂದರೂ ಅವರಿಗೆ ಅನುಮಾನ ಬರಬಹುದು. ಅದಕ್ಕೆ ಖರೀದಿ ಕಡೆಯಿಂದ ತಾಳೆ ನೋಡಿ. ಆರಂಭದ ಸ್ಟಾಕು, ಅದಕ್ಕೆ ಪೋರ್ಟಲ್ ತಾನೇ ತಯಾರಿಸುವ ಖರೀದಿ ಪಟ್ಟಿ GSTR-2Bಯಲ್ಲಿರುವ ಖರೀದಿ ಸೇರಿಸಿ, ಕೊನೆಯ ಸ್ಟಾಕು ಕಳೆಯಿರಿ. ಮಾರಿದ ಮಾಲಿನ ಅಸಲು 28 ಲಕ್ಷ ಬಂದರೆ, 31 ಲಕ್ಷದ ಮಾರಾಟದಲ್ಲಿ 3 ಲಕ್ಷ ಲಾಭ. ಕಿರಾಣಿ ವ್ಯಾಪಾರಕ್ಕೆ ಇದು ನಂಬುವಂಥದ್ದು. ಅಸಲೇ 33 ಲಕ್ಷ ಬಂದರೆ? ಅಸಲಿಗಿಂತ ಕಡಿಮೆಗೆ ಯಾರೂ ವರ್ಷವಿಡೀ ಮಾರೋದಿಲ್ಲ. ಹಾಗೆ ಬಂದರೆ ಮಾರಾಟ ಕಡಿಮೆ ತೋರಿಸಿದ್ದೇವೆ ಅಂತಲೇ ಅರ್ಥ, ಯಾವ ಕೈಗಡದ ಕಥೆಯೂ ಉಳಿಸೋದಿಲ್ಲ.

ತೆರಿಗೆ ಇಲ್ಲದ ಮಾಲು 9 ಲಕ್ಷ ಅಂತ ಒಪ್ಪಿಕೊಂಡಾಗ ಇನ್ನೊಂದು ಬಾಗಿಲು ತೆರೆಯುತ್ತದೆ. ಅಂಗಡಿ ಬಾಡಿಗೆಯಂಥ ಸಾಮಾನ್ಯ ಖರ್ಚಿನ ಮೇಲೆ ಪೂರ್ತಿ ತೆರಿಗೆ ಜಮೆ ತಗೊಂಡಿದ್ದರೆ, ನಿಯಮ 42ರಂತೆ ಒಂದು ಭಾಗ ವಾಪಸ್ ಮಾಡಬೇಕು. ಸಣ್ಣ ಮೊತ್ತ. ಅವರು ಕೇಳುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಉತ್ತರ ASMT-11ರಲ್ಲಿ, ನೋಟಿಸ್‌ನಲ್ಲಿ ಕೊಟ್ಟ ದಿನದೊಳಗೆ, ಸಾಮಾನ್ಯವಾಗಿ 30 ದಿನ. ಒಪ್ಪಿಗೆಯಾದರೆ ASMT-12 ಬಂದು ವಿಷಯ ಮುಗಿಯುತ್ತದೆ. ನಿಜವಾಗಿಯೂ ಸ್ವಲ್ಪ ತೆರಿಗೆ ಬಾಕಿ ಅಂತ ಕಂಡರೆ, ಬಡ್ಡಿ ಸೇರಿಸಿ, ನಾವಾಗಿಯೇ ಕಟ್ಟುವ ಫಾರಂ DRC-03ರಲ್ಲಿ ಕಟ್ಟಿ. ಬೇಕೆಂದೇ ಮುಚ್ಚಿಟ್ಟ ಆರೋಪವಿಲ್ಲದ ಪ್ರಕರಣದಲ್ಲಿ, ಕಾರಣ ಕೇಳುವ ನೋಟಿಸ್ DRC-01 ಬರುವ ಮೊದಲೇ ಕಟ್ಟಿದವರಿಗೆ ಕಲಂ 73ರಡಿ ದಂಡ ಇಲ್ಲ.